ಕೋನಿಕಲ್ ಬರ್, ಫ್ಲಾಟ್ ಬರ್: ಕಾಫಿಪುಡಿ ಯಂತ್ರದ ಬಗ್ಗೆ ಹರಿದಾಡುವ ಸಂದೇಶದಲ್ಲಿ ಎಷ್ಟು ನಿಜ?

ಮೈಸೂರಿನ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಕಾಫಿಪುಡಿಯ ಬಗ್ಗೆ ಒಂದು ಬಗೆಯ ಸಂದೇಶ ಆಗಾಗ ತಲೆ ಎತ್ತುತ್ತದೆ. ಪದಗಳು ಬದಲಾದರೂ ಅದರಲ್ಲಿ ಸಾಮಾನ್ಯವಾಗಿ ಮೂರು ಮಾತುಗಳಿರುತ್ತವೆ.

1. ಅಂಗಡಿಯ ಯಂತ್ರದಲ್ಲಿರುವುದು ಚಪ್ಪಟೆ ಚಕ್ರ, ಅಂದರೆ ಫ್ಲಾಟ್ ಬರ್. ಅದು ಕಾಫಿಯನ್ನು ಸುಟ್ಟುಹಾಕುತ್ತದೆ. ಕೋನಿಕಲ್ ಬರ್ ಇರುವ ಯಂತ್ರ ಮಾತ್ರ ಪರಿಮಳ ಉಳಿಸುತ್ತದೆ.
2. ಕೋನಿಕಲ್ ಬರ್‌ನಲ್ಲಿ ಪುಡಿ ಮಾಡಿದ ಕಾಫಿಯೇ ಹೆಚ್ಚು ರುಚಿ.
3. ಅಂಗಡಿಯ ಯಂತ್ರದಲ್ಲಿ ನಿಮಗಿಂತ ಮುಂಚೆ ಬಂದವರ ಪುಡಿ ನಿಮ್ಮ ಪುಡಿಗೆ ಸೇರುತ್ತದೆ.

ಇದನ್ನು ಓದಿ ಹಲವರು ಸಾವಿರಾರು ರೂಪಾಯಿ ಕೊಟ್ಟು ಮನೆಗೆ ಗ್ರೈಂಡರ್ ತರಿಸುವ ಯೋಚನೆ ಮಾಡುತ್ತಾರೆ. ಆದ್ದರಿಂದ ಮೂರನ್ನೂ ಒಂದೊಂದಾಗಿ ನೋಡೋಣ.

ಚಿಕ್ಕ ಉತ್ತರ: ಮೊದಲ ಮಾತು ತಪ್ಪು. ಎರಡನೆಯದು ಅರ್ಧ ನಿಜ. ಮೂರನೆಯದು ನಿಜ, ಮತ್ತು ಮೂರರಲ್ಲಿ ನಿಮ್ಮ ಲೋಟದ ಕಾಫಿಯನ್ನು ಹೆಚ್ಚು ಬದಲಿಸುವುದು ಅದೇ. ಆದರೆ ಅದಕ್ಕೆ ಬರ್‌ನ ಆಕಾರಕ್ಕಿಂತ ಯಂತ್ರದ ಒಳಗೆ ಪುಡಿ ಸಾಗುವ ದಾರಿ ಹೆಚ್ಚು ಕಾರಣ.

## ಬರ್ ಎಂದರೇನು?

ಬರ್ ಎಂದರೆ ಹಲ್ಲುಗಳಿರುವ, ಉಕ್ಕಿನ ಅಥವಾ ಸೆರಾಮಿಕ್‌ನ ಚಕ್ರ. ಯಾವಾಗಲೂ ಎರಡು ಬರ್‌ಗಳು ಜೋಡಿಯಾಗಿರುತ್ತವೆ. ಒಂದು ನಿಂತಿರುತ್ತದೆ, ಇನ್ನೊಂದು ತಿರುಗುತ್ತದೆ. ನಡುವಿನ ಸಂದಿಗೆ ಬಿದ್ದ ಬೀಜ ಒಡೆಯುತ್ತಾ ಸಾಗಿ, ಸಂದಿ ಎಷ್ಟು ಕಿರಿದೋ ಸುಮಾರು ಅಷ್ಟು ಸಣ್ಣ ಚೂರಾಗಿ ಹೊರಬರುತ್ತದೆ. ನುಣ್ಣಗೆ ಬೇಕೆಂದರೆ ಸಂದಿಯನ್ನು ಬಿಗಿ ಮಾಡಬೇಕು, ತರಿಯಾಗಿ ಬೇಕೆಂದರೆ ಸಡಿಲ ಮಾಡಬೇಕು.

ಫ್ಲಾಟ್ ಬರ್ ನಮಗೆ ಹೊಸದಲ್ಲ. ರಾಗಿ ಬೀಸುವ ಕಲ್ಲನ್ನು ನೆನಪಿಸಿಕೊಳ್ಳಿ. ಎರಡು ಚಪ್ಪಟೆ ಕಲ್ಲು, ಮೇಲಿನ ಕಲ್ಲಿನ ನಡುವೆ ಒಂದು ಬಾಯಿ. ರಾಗಿಯನ್ನು ನಡುವೆ ಹಾಕುತ್ತೇವೆ, ಹಿಟ್ಟು ಅಂಚಿನಿಂದ ಉದುರುತ್ತದೆ. ಫ್ಲಾಟ್ ಬರ್ ಮಾಡುವುದೂ ಇದನ್ನೇ. ವ್ಯತ್ಯಾಸವೆಂದರೆ ಮೋಟಾರು ಜೋರಾಗಿ ತಿರುಗುವುದರಿಂದ ಚೂರುಗಳು ನಡುವಿನಿಂದ ಅಂಚಿಗೆ ಎಸೆಯಲ್ಪಡುತ್ತವೆ. ಕಾಫಿಪುಡಿ ಅಂಗಡಿಗಳಲ್ಲಿ ಸಾಮಾನ್ಯವಾಗಿ ಕಾಣುವುದು ಈ ಜಾತಿಯ ಯಂತ್ರವೇ. ಹಲವು ಯಂತ್ರಗಳಲ್ಲಿ ಚಕ್ರಗಳನ್ನು ಹಿಟ್ಟಿನ ಗಿರಣಿಯಂತೆ ನಿಲ್ಲಿಸಿ ಜೋಡಿಸಿರುತ್ತಾರೆ.

ಕೋನಿಕಲ್ ಬರ್‌ನಲ್ಲಿ ಒಂದು ಶಂಕುವಿನಾಕಾರದ ತುಂಡು ಒಂದು ಬಳೆಯಂಥ ಚಕ್ರದೊಳಗೆ ಕೂತು ತಿರುಗುತ್ತದೆ. ಒರಳಿನ ಕುಳಿಯಲ್ಲಿ ಗುಂಡು ತಿರುಗುವ ಚಿತ್ರವನ್ನು ಕಣ್ಣ ಮುಂದೆ ತಂದುಕೊಂಡರೆ ಅಂದಾಜು ಸಿಗುತ್ತದೆ. ಒರಳಿನ ತಳ ಮುಚ್ಚಿರುತ್ತದೆ, ಇಲ್ಲಿ ತೆರೆದಿರುತ್ತದೆ, ಅಷ್ಟೇ. ಬೀಜ ಮೇಲಿನಿಂದ ಬಿದ್ದು, ಅಗಲವಾದ ಸಂದಿಯಲ್ಲಿ ಮೊದಲು ಒಡೆದು, ಕಿರಿದಾಗುತ್ತಾ ಹೋಗುವ ಸಂದಿಯಲ್ಲಿ ಇಳಿದು, ತನ್ನ ಭಾರಕ್ಕೇ ಕೆಳಗೆ ಬೀಳುತ್ತದೆ. ಕೈಯಲ್ಲಿ ತಿರುಗಿಸುವ ಈಗಿನ ಸಣ್ಣ ಗ್ರೈಂಡರ್‌ಗಳಲ್ಲಿ ಮತ್ತು ಮನೆಬಳಕೆಯ ಹಲವು ವಿದ್ಯುತ್ ಗ್ರೈಂಡರ್‌ಗಳಲ್ಲಿ ಇರುವುದು ಇದು.

ಮಿಕ್ಸಿ ಇವೆರಡರ ಗುಂಪಿಗೂ ಸೇರುವುದಿಲ್ಲ. ಅದರಲ್ಲಿ ಸಂದಿ ಎಂಬುದೇ ಇಲ್ಲ, ಬ್ಲೇಡಿನ ದಾರಿಗೆ ಸಿಕ್ಕಿದ್ದು ತುಂಡಾಗುತ್ತದೆ. ಆದ್ದರಿಂದ ಒಂದೇ ಜಾರಿನಲ್ಲಿ ಧೂಳೂ ಇರುತ್ತದೆ, ಅರ್ಧ ಬೀಜವೂ ಇರುತ್ತದೆ.

## ಮೊದಲ ಮಾತು: ಫ್ಲಾಟ್ ಬರ್ ಕಾಫಿಯನ್ನು ಸುಡುತ್ತದೆಯೇ?

ಇಲ್ಲ. ಕಾಫಿಬೀಜವನ್ನು ಹುರಿಯುವಾಗಲೇ ಅದು 200 ಡಿಗ್ರಿ ಸೆಲ್ಸಿಯಸ್ ದಾಟಿರುತ್ತದೆ. ಅಂಗಡಿಯ ಯಂತ್ರದಿಂದ ಬಂದ ಪುಡಿಯ ಪೊಟ್ಟಣವನ್ನು ನಾವು ಕೈಯಲ್ಲಿ ಹಿಡಿದುಕೊಂಡು ಬರುತ್ತೇವೆ. ಕೈಗೆ ತಡೆಯುವ ಬಿಸಿಯಲ್ಲಿ ಕಾಫಿ ಸುಡಲು ಸಾಧ್ಯವಿಲ್ಲ.

ಹಾಗಾದರೆ ಬಿಸಿ ಲೆಕ್ಕಕ್ಕೇ ಬರುವುದಿಲ್ಲವೇ? ಬರುತ್ತದೆ, ಆದರೆ ಬೇರೆ ಕಾರಣಕ್ಕೆ. ಕಾಫಿಯ ಪರಿಮಳವೆಂದರೆ ಗಾಳಿಗೆ ಸುಲಭವಾಗಿ ಹಾರಿಹೋಗುವ ರಾಸಾಯನಿಕಗಳು. ಪುಡಿ ಬೆಚ್ಚಗಿದ್ದಷ್ಟೂ ಅವು ಬೇಗ ಹೊರಡುತ್ತವೆ. ಅಂಗಡಿಯ ಮುಂದೆ ಹಾದುಹೋಗುವಾಗ ಬೀದಿಯೆಲ್ಲ ಘಮ್ಮೆನ್ನುತ್ತದಲ್ಲ, ಆ ಘಮ ನಿಮ್ಮ ಪೊಟ್ಟಣದಿಂದ ಹೊರಟುಹೋದದ್ದು.

ಬಿಸಿ ಎಷ್ಟು ಎಂಬುದನ್ನು ಆಕಾರವೊಂದೇ ನಿರ್ಧರಿಸುವುದಿಲ್ಲ. ಮೂರು ಸಂಗತಿಗಳು ನಿರ್ಧರಿಸುತ್ತವೆ: ಚಕ್ರದ ವೇಗ, ಯಂತ್ರ ಬಿಡುವಿಲ್ಲದೆ ಎಷ್ಟು ಹೊತ್ತು ಓಡಿದೆ, ಮತ್ತು ಹಲ್ಲುಗಳು ಎಷ್ಟು ಹರಿತವಾಗಿವೆ.

ವೇಗದ ಲೆಕ್ಕವನ್ನು ಒಂದು ಉದಾಹರಣೆಯಲ್ಲಿ ನೋಡೋಣ. ನಮ್ಮ ವಿದ್ಯುತ್ 50 ಹರ್ಟ್ಸ್‌ನದು. ಅದರಲ್ಲಿ ಓಡುವ ಒಂದು ಸಾಮಾನ್ಯ ಬಗೆಯ ಮೋಟಾರು ನಿಮಿಷಕ್ಕೆ ಸುಮಾರು 1,400 ಸುತ್ತು ತಿರುಗುತ್ತದೆ. ಅದಕ್ಕೆ 64 ಮಿ.ಮೀ. ಅಗಲದ ಫ್ಲಾಟ್ ಬರ್ ನೇರವಾಗಿ ಜೋಡಿಸಿದರೆ, ಬರ್‌ನ ಅಂಚು ಸೆಕೆಂಡಿಗೆ ಸುಮಾರು 4.7 ಮೀಟರ್ ಓಡುತ್ತದೆ. ಮನೆಯ ಕೋನಿಕಲ್ ಗ್ರೈಂಡರ್‌ನಲ್ಲಿ 40 ಮಿ.ಮೀ. ಬರ್ ಇದ್ದು, ಗೇರು ಅದನ್ನು ನಿಮಿಷಕ್ಕೆ 450 ಸುತ್ತಿಗೆ ಇಳಿಸಿದರೆ, ಅಂಚಿನ ಓಟ ಸೆಕೆಂಡಿಗೆ ಒಂದು ಮೀಟರಿಗೂ ತುಸು ಕಡಿಮೆ. ಅಂದರೆ ಐದು ಪಟ್ಟು ವ್ಯತ್ಯಾಸ. ಕೋನಿಕಲ್ ತಣ್ಣಗಿರುತ್ತದೆ ಎಂಬ ಮಾತು ಹುಟ್ಟಿದ್ದು ಇಲ್ಲಿಂದ. ಆದರೆ ಇಲ್ಲಿ ತಂಪಾಗಿಟ್ಟಿದ್ದು ಗೇರು, ಶಂಕುವಿನ ಆಕಾರವಲ್ಲ. ಅದೇ ಫ್ಲಾಟ್ ಬರ್ ಅನ್ನು ನಿಧಾನವಾಗಿ ತಿರುಗಿಸುವ ಯಂತ್ರಗಳೂ ಇವೆ.

ಇನ್ನೊಂದು ಮಾತು. ಮನೆಯಲ್ಲಿ ಒಂದು ಹೊತ್ತಿಗೆ ಇಪ್ಪತ್ತು ಮೂವತ್ತು ಗ್ರಾಂ ಪುಡಿ ಮಾಡುವಾಗ, ಲೋಹ ಬಿಸಿಯೇರುವ ಮೊದಲೇ ಕೆಲಸ ಮುಗಿದಿರುತ್ತದೆ. ಆದ್ದರಿಂದ ಮನೆಯ ಯಂತ್ರದ ಮಟ್ಟಿಗೆ ಬಿಸಿಯ ಚರ್ಚೆಗೆ ಹೆಚ್ಚು ಅರ್ಥವಿಲ್ಲ. ಅಂಗಡಿಯಲ್ಲಿ ಗಿರಾಕಿಗಳು ಸಾಲುಗಟ್ಟಿದ ಹೊತ್ತಿನಲ್ಲಿ ಯಂತ್ರ ಬಿಡುವಿಲ್ಲದೆ ಓಡಿದಾಗ ಮಾತ್ರ ಪುಡಿ ನಿಜವಾಗಿ ಬಿಸಿಯಾಗಿ ಬರುತ್ತದೆ. ಆಗ ಮಾಡಬೇಕಾದ್ದು ಸರಳ. ಮನೆಗೆ ಬಂದ ಕೂಡಲೇ ಪೊಟ್ಟಣ ಬಿಡಿಸಿ, ಪುಡಿ ಆರಿದ ಮೇಲೆ ಗಟ್ಟಿ ಮುಚ್ಚಳದ ಡಬ್ಬಿಗೆ ಹಾಕಿ. ಬಿಸಿ ಪುಡಿಯನ್ನು ಪ್ಲಾಸ್ಟಿಕ್ ಕವರಿನಲ್ಲೇ ಗಂಟೆಗಟ್ಟಲೆ ಕಟ್ಟಿಡಬೇಡಿ.

ಎಂದಿಗಿಂತ ಹೆಚ್ಚು ಬಿಸಿ ಬರುತ್ತಿದೆ, ಹೊತ್ತೂ ಹೆಚ್ಚು ಹಿಡಿಯುತ್ತಿದೆ ಎಂದರೆ ಹಲ್ಲು ಸವೆದಿದೆ ಎಂದರ್ಥ. ಮೊಂಡು ಹಲ್ಲು ಬೀಜವನ್ನು ಕತ್ತರಿಸುವುದಿಲ್ಲ, ಉಜ್ಜುತ್ತದೆ. ಹಿಂದೆ ಬೀಸುವ ಕಲ್ಲು ನುಣುಪಾದಾಗ ಅದನ್ನು ಕುಟ್ಟಿಸುತ್ತಿದ್ದರಲ್ಲ, ಹಾಗೆ ಬರ್‌ಗಳನ್ನೂ ಕಾಲಕಾಲಕ್ಕೆ ಬದಲಿಸಬೇಕು ಅಥವಾ ಸಾಣೆ ಹಿಡಿಸಬೇಕು.

## ಎರಡನೆಯ ಮಾತು: ಆಕಾರ ಬದಲಾದರೆ ರುಚಿ ಬದಲಾಗುತ್ತದೆಯೇ?

ಸ್ವಲ್ಪ ಬದಲಾಗುತ್ತದೆ. ಏಕೆಂದು ತಿಳಿಯಲು ಪುಡಿಯನ್ನು ಹತ್ತಿರದಿಂದ ನೋಡಬೇಕು.

ಹುರಿದ ಬೀಜ ಗಾಜಿನಂತೆ ಪೆಡಸು. ಗಾಜು ಒಡೆದಾಗ ದೊಡ್ಡ ಚೂರುಗಳ ಜೊತೆ ಒಂದಿಷ್ಟು ಪುಡಿಯೂ ಬೀಳುತ್ತದೆ. ಕಾಫಿಯಲ್ಲೂ ಹಾಗೇ. ಯಾವ ಬರ್ ಇರಲಿ, ನೀವು ಬಯಸಿದ ಗಾತ್ರದ ಚೂರುಗಳ ಜೊತೆಗೆ ಒಂದು ಪಾಲು ಧೂಳು ಇದ್ದೇ ಇರುತ್ತದೆ. ಧೂಳು ಎಂದರೆ ಸುಮಾರು ಒಂದು ಮಿಲಿಮೀಟರಿನ ಹತ್ತನೆಯ ಒಂದು ಭಾಗಕ್ಕಿಂತ ಸಣ್ಣ ಕಣ. ಪುಡಿ ಮಾಡುವಾಗಿನ ತಾಪಮಾನ ಕೂಡ ಕಣಗಳ ಹಂಚಿಕೆಯನ್ನು ಬದಲಿಸುತ್ತದೆ. ಬೀಜವನ್ನು ತುಂಬಾ ತಣ್ಣಗೆ ಮಾಡಿ ಪುಡಿ ಮಾಡಿದರೆ ಕಣಗಳು ಇನ್ನಷ್ಟು ಸಣ್ಣವಾಗಿ, ಗಾತ್ರದಲ್ಲಿ ಹೆಚ್ಚು ಸಮನಾಗಿ ಬರುತ್ತವೆ ಎಂದು 2016ರಲ್ಲಿ ‘ಸೈಂಟಿಫಿಕ್ ರಿಪೋರ್ಟ್ಸ್’ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು.

ಧೂಳಿನ ಕಣದಿಂದ ರಸ ಕ್ಷಣದಲ್ಲಿ ಇಳಿದುಬಿಡುತ್ತದೆ, ಕಹಿಯೂ ಬೇಗ ಬರುತ್ತದೆ. ದೊಡ್ಡ ಚೂರಿನ ಒಳಗಿನ ರಸ ಇಳಿಯಲು ಹೊತ್ತು ಬೇಕು. ಅಷ್ಟು ಹೊತ್ತು ಸಿಗದಿದ್ದರೆ ಡಿಕಾಕ್ಷನ್ ನೀರುನೀರಾಗಿ, ತುಸು ಹುಳಿಯಾಗಿ ಇರುತ್ತದೆ. ಧೂಳು ಎಷ್ಟು, ಚೂರು ಎಷ್ಟು ಎಂಬುದರ ಮೇಲೆ ಲೋಟದ ರುಚಿ ನಿಂತಿದೆ.

ಸಾಮಾನ್ಯವಾಗಿ ಕೋನಿಕಲ್ ಬರ್‌ಗಳ ಪುಡಿಯಲ್ಲಿ ಧೂಳು ಮತ್ತು ಚೂರು ಎಂಬ ಎರಡು ಗುಂಪು ಸ್ಪಷ್ಟವಾಗಿರುತ್ತದೆ. ಅದರಿಂದ ಕಾಫಿ ದಪ್ಪ, ಬಾಯಿ ತುಂಬುವಂಥದ್ದು ಎನಿಸುತ್ತದೆ. ಚೆನ್ನಾಗಿ ಜೋಡಿಸಿದ ಫ್ಲಾಟ್ ಬರ್‌ಗಳಲ್ಲಿ ಚೂರುಗಳು ಹೆಚ್ಚು ಒಂದೇ ಗಾತ್ರಕ್ಕೆ ಬರುವಂತೆ ಮಾಡುವುದು ಸುಲಭ. ಅದರಿಂದ ಕಾಫಿ ತಿಳಿಯಾಗಿ, ಒಂದೊಂದು ರುಚಿಯೂ ಬಿಡಿಬಿಡಿಯಾಗಿ ಗೊತ್ತಾಗುತ್ತದೆ. ಆದರೆ ಇದು ಕಾನೂನಲ್ಲ. ಹಲ್ಲಿನ ವಿನ್ಯಾಸ ಬದಲಿಸಿದರೆ ಹೆಚ್ಚು ಧೂಳು ಮಾಡುವ ಫ್ಲಾಟ್ ಬರ್ ಕೂಡ ಸಿದ್ಧವಾಗುತ್ತದೆ, ಮತ್ತು ಎಸ್ಪ್ರೆಸೊಗಾಗಿ ಹಾಗೆ ಬೇಕೆಂದೇ ಮಾಡುವುದುಂಟು.

ಆಕಾರಕ್ಕಿಂತ ದೊಡ್ಡ ಸಂಗತಿ ಜೋಡಣೆ. ಎರಡು ಫ್ಲಾಟ್ ಬರ್‌ಗಳು ಒಂದಕ್ಕೊಂದು ಸರಿಯಾಗಿ ಸಮಾನಾಂತರವಾಗಿ ಕೂರದಿದ್ದರೆ, ಒಂದು ಬದಿಯ ಸಂದಿ ಕಿರಿದು, ಇನ್ನೊಂದು ಬದಿಯ ಸಂದಿ ಅಗಲ. ಒಂದೇ ಚಕ್ರದಿಂದ ಒಂದು ಕಡೆ ಧೂಳು, ಇನ್ನೊಂದು ಕಡೆ ತರಿ ಬರುತ್ತದೆ. ಕೋನಿಕಲ್ ಬರ್‌ನ ಶಂಕು ನಡುವಿನಿಂದ ಸರಿದರೂ ಇದೇ ಕಥೆ. ಅಗ್ಗದ ಕೋನಿಕಲ್ ಗ್ರೈಂಡರ್‌ನ ಹಿಡಿಕೆ ಹಿಡಿದು ಅಲ್ಲಾಡಿಸಿದಾಗ ಒಳಗಿನ ಶಂಕು ಆಚೀಚೆ ಓಲಾಡಿದರೆ, ಅದರಿಂದ ಸಮವಾದ ಪುಡಿ ಬರುವುದಿಲ್ಲ. ಅದಕ್ಕಿಂತ ಚೆನ್ನಾಗಿ ನೋಡಿಕೊಂಡ ಅಂಗಡಿಯ ಫ್ಲಾಟ್ ಬರ್ ಯಂತ್ರವೇ ಮೇಲು.

ಪುಡಿ ಹೇಗಿದೆ ಎಂದು ಪರೀಕ್ಷಿಸಲು ಒಂದು ಚಿಟಿಕೆಯನ್ನು ಬಿಳಿ ಹಾಳೆಯ ಮೇಲೆ ತೆಳುವಾಗಿ ಹರಡಿ. ಫಿಲ್ಟರ್ ಕಾಫಿಗೆ ಪುಡಿ ಚಿರೋಟಿ ರವೆಗಿಂತ ತುಸು ನುಣ್ಣಗಿರಬೇಕು, ಮೈದಾದಷ್ಟು ನುಣ್ಣಗಿರಬಾರದು. ಅದರಲ್ಲಿ ಕಣ್ಣಿಗೆ ಹೊಡೆಯುವ ದಪ್ಪ ಚೂರುಗಳೂ ಬೆರಳಿಗೆ ಮೆತ್ತುವ ಧೂಳೂ ಒಟ್ಟಿಗೇ ಹೆಚ್ಚಾಗಿದ್ದರೆ, ಸಂದಿ ಸಮವಾಗಿಲ್ಲ ಅಥವಾ ಹಲ್ಲು ಸವೆದಿದೆ.

ಎರಡನೆಯ ಸಾಕ್ಷಿ ಫಿಲ್ಟರ್. ಧೂಳು ಹೆಚ್ಚಾದರೆ ಮೇಲಿನ ಪಾತ್ರೆಯ ತೂತುಗಳು ಕಟ್ಟಿಕೊಂಡು ಡಿಕಾಕ್ಷನ್ ಇಳಿಯುವುದೇ ಇಲ್ಲ, ಫಿಲ್ಟರ್ ತಟ್ಟುತ್ತಾ ಕೂರಬೇಕಾಗುತ್ತದೆ. ಲೋಟದ ತಳದಲ್ಲಿ ಗಸಿಯೂ ಉಳಿಯುತ್ತದೆ. ಪುಡಿ ತೀರಾ ತರಿಯಾದರೆ ನೀರು ಸರಸರನೆ ಇಳಿದು ಡಿಕಾಕ್ಷನ್ ತೆಳ್ಳಗಾಗುತ್ತದೆ.

ಈಗ ನಮ್ಮ ಮನೆಯ ಕಾಫಿಗೆ ಬರೋಣ. ಮೈಸೂರಿನಲ್ಲಿ ಕಾಫಿ ಎಂದರೆ ಹೆಚ್ಚಾಗಿ ಡಿಕಾಕ್ಷನ್, ಹಾಲು, ಸಕ್ಕರೆ, ಎಷ್ಟೋ ಮನೆಗಳಲ್ಲಿ ಚಿಕೋರಿಯೂ ಸೇರಿ. ಚಿಕೋರಿ ನೀರಿನಲ್ಲಿ ಕಾಫಿಗಿಂತ ಬಹಳ ಹೆಚ್ಚು ಕರಗಿ, ಬಣ್ಣ ಮತ್ತು ದಪ್ಪ ಕೊಡುತ್ತದೆ. ಹಾಲು ಕಹಿಯನ್ನೂ ಹುಳಿಯನ್ನೂ ಮೆತ್ತಗೆ ಮಾಡುತ್ತದೆ. ಇಷ್ಟರ ಕೆಳಗೆ ಕೋನಿಕಲ್ ಮತ್ತು ಫ್ಲಾಟ್ ನಡುವಿನ ನವಿರಾದ ವ್ಯತ್ಯಾಸವನ್ನು ನಾಲಿಗೆ ಹಿಡಿಯುವುದು ಕಷ್ಟ. ಹಾಲಿಲ್ಲದೆ ಕರಿ ಕಾಫಿ ಕುಡಿಯುವವರಿಗೆ, ಅದರಲ್ಲೂ ತಿಳಿ ಹುರಿದ ಬೀಜ ಬಳಸುವವರಿಗೆ, ವ್ಯತ್ಯಾಸ ಗೊತ್ತಾಗಬಹುದು.

ನಿಮಗೆ ಗೊತ್ತಾಗುತ್ತದೋ ಇಲ್ಲವೋ ಎಂದು ನೀವೇ ನೋಡಬಹುದು. ಆಹಾರ ಪ್ರಯೋಗಾಲಯಗಳಲ್ಲಿ ಬಳಸುವ ಮೂರು ಲೋಟದ ಪರೀಕ್ಷೆ ಇದಕ್ಕೆ ಸಾಕು. ಒಂದೇ ಬೀಜವನ್ನು ಎರಡು ಯಂತ್ರಗಳಲ್ಲಿ ಪುಡಿ ಮಾಡಿಸಿ. ಎರಡರ ಡಿಕಾಕ್ಷನ್ ಇಳಿಯಲು ಹೆಚ್ಚುಕಡಿಮೆ ಒಂದೇ ಹೊತ್ತು ಹಿಡಿಯುವಂತೆ ಪುಡಿಯ ಹದ ಸರಿಮಾಡಿಕೊಳ್ಳಿ. ಹೀಗೆ ಮಾಡದಿದ್ದರೆ ನೀವು ಹೋಲಿಸುವುದು ತರಿ ಮತ್ತು ನುಣುಪನ್ನೇ ಹೊರತು ಬರ್‌ನ ಆಕಾರವನ್ನಲ್ಲ. ನಂತರ ಮನೆಯವರೊಬ್ಬರು ನಿಮಗೆ ಕಾಣದಂತೆ ಎರಡು ಲೋಟಕ್ಕೆ ಒಂದು ಕಾಫಿ, ಮೂರನೆಯದಕ್ಕೆ ಇನ್ನೊಂದು ಕಾಫಿ ಹಾಕಿ ಕೊಡಲಿ. ಬೇರೆಯಾದ ಲೋಟ ಯಾವುದೆಂದು ನೀವು ಹೇಳಬೇಕು. ಹೀಗೆ ಆರು ಸಲ ಮಾಡಿದರೆ ಸುಮ್ಮನೆ ಊಹಿಸಿದರೂ ಎರಡು ಸಲ ಸರಿಯಾಗುವುದು ಸಹಜ. ಐದು ಅಥವಾ ಆರು ಸಲ ಸರಿಯಾಗಿ ಹೇಳಿದರೆ ನಿಮ್ಮ ನಾಲಿಗೆ ನಿಜಕ್ಕೂ ಗುರುತಿಸುತ್ತಿದೆ. ಬರೀ ಊಹೆಯಿಂದ ಹಾಗಾಗುವ ಸಾಧ್ಯತೆ ನೂರರಲ್ಲಿ ಎರಡಕ್ಕಿಂತ ಕಡಿಮೆ.

## ಬರ್ ದೊಡ್ಡದಾದರೆ ಏನು ಲಾಭ?

ಮುಖ್ಯ ಲಾಭ ವೇಗ. ಬರ್‌ನ ಅಗಲ ಎರಡು ಪಟ್ಟಾದರೆ ಅಂಚಿನ ಸುತ್ತಳತೆಯೂ ಎರಡು ಪಟ್ಟು. ಒಂದೇ ಸುತ್ತಿನಲ್ಲಿ ಹೆಚ್ಚು ಪುಡಿ ಹೊರಬರುತ್ತದೆ. ಕೈ ಗ್ರೈಂಡರ್‌ನ 38 ಅಥವಾ 48 ಮಿ.ಮೀ. ಕೋನಿಕಲ್ ಬರ್‌ನಲ್ಲಿ 20 ಗ್ರಾಂ ಪುಡಿಗೆ ಅರ್ಧದಿಂದ ಒಂದು ನಿಮಿಷ ತಿರುಗಿಸಬೇಕಾಗುತ್ತದೆ. ಹುರಿದದ್ದು ತಿಳಿಯಾಗಿದ್ದರೆ ಬೀಜ ಗಟ್ಟಿ, ಇನ್ನೂ ಹೆಚ್ಚು ಹೊತ್ತು ಬೇಕು. ಅಂಗಡಿಯ ದೊಡ್ಡ ಚಕ್ರಗಳು ಅಷ್ಟನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಸುತ್ತವೆ.

ದೊಡ್ಡ ಬರ್‌ಗೆ ಇನ್ನೊಂದು ಅನುಕೂಲವಿದೆ. ಬೀಜ ಹೊರಗೆ ಬರುವ ಮೊದಲು ಉದ್ದ ದಾರಿ ಸಾಗುವುದರಿಂದ ಹಂತಹಂತವಾಗಿ ಒಡೆಯುತ್ತದೆ. ಲೋಹದ ರಾಶಿ ಹೆಚ್ಚಿರುವುದರಿಂದ ಬೇಗ ಬಿಸಿಯಾಗುವುದಿಲ್ಲ. ಆದರೆ ದೊಡ್ಡ ಬರ್‌ಗೆ ದೊಡ್ಡ ಕೋಣೆ ಬೇಕು, ದೊಡ್ಡ ಕೋಣೆಯಲ್ಲಿ ಮೂಲೆಗಳೂ ಹೆಚ್ಚು. ಅಲ್ಲಿಂದಲೇ ಮೂರನೆಯ ಮಾತು ಶುರುವಾಗುತ್ತದೆ.

## ಮೂರನೆಯ ಮಾತು: ಮುಂಚೆ ಬಂದವರ ಪುಡಿ ನಿಮ್ಮದಕ್ಕೆ ಸೇರುತ್ತದೆಯೇ?

ಹೌದು. ಇದಕ್ಕೆ ಯಾರ ಮೋಸವೂ ಬೇಕಿಲ್ಲ, ಯಂತ್ರದ ರಚನೆಯೇ ಸಾಕು. ಫ್ಲಾಟ್ ಬರ್‌ನ ಅಂಚಿನಿಂದ ಎಸೆಯಲ್ಪಟ್ಟ ಪುಡಿ ಸುತ್ತಲಿನ ಗೋಡೆಗೆ ಬಡಿದು, ಅಲ್ಲಿಂದ ಕೆಳಗಿನ ಕೊಳವೆಗೆ ಇಳಿದು, ಕವರಿಗೆ ಬೀಳುತ್ತದೆ. ಗೋಡೆಯಲ್ಲಿ, ಮೂಲೆಯಲ್ಲಿ, ಕೊಳವೆಯ ತಿರುವಿನಲ್ಲಿ ಒಂದಿಷ್ಟು ನಿಂತುಬಿಡುತ್ತದೆ. ಅಂಗಡಿಯವರು ಕೊನೆಗೆ ಕೊಳವೆಯನ್ನು ಪಟಪಟನೆ ತಟ್ಟುವುದು ಅದನ್ನು ಉದುರಿಸಲೆಂದೇ. ತಟ್ಟಿದರೂ ಪೂರ್ತಿ ಬರುವುದಿಲ್ಲ.

ಕೈಯಲ್ಲಿ ತಿರುಗಿಸುವ ಕೋನಿಕಲ್ ಗ್ರೈಂಡರ್‌ನಲ್ಲಿ ಪುಡಿ ಬರ್‌ನಿಂದ ನೇರ ಕೆಳಗಿನ ಬಟ್ಟಲಿಗೆ ಬೀಳುತ್ತದೆ. ಕೊಳವೆಯೇ ಇಲ್ಲ, ಆದ್ದರಿಂದ ಉಳಿಯುವುದು ಬಹಳ ಕಡಿಮೆ. ಹಾಗೆಂದು ಕೋನಿಕಲ್ ಎಂದರೆ ಏನೂ ಉಳಿಯದು ಎಂದುಕೊಳ್ಳಬಾರದು. ಹೋಟೆಲ್, ಕೆಫೆಗಳ ದೊಡ್ಡ ಕೋನಿಕಲ್ ಯಂತ್ರಗಳಲ್ಲೂ ಕೋಣೆ ಮತ್ತು ಕೊಳವೆ ಇರುತ್ತವೆ, ಅವುಗಳಲ್ಲೂ ಪುಡಿ ನಿಲ್ಲುತ್ತದೆ. ಕೊಳವೆ ಚಿಕ್ಕದಾಗಿ, ನೇರವಾಗಿ ಇರುವ ಫ್ಲಾಟ್ ಬರ್ ಯಂತ್ರದಲ್ಲಿ ಕಡಿಮೆ ನಿಲ್ಲುತ್ತದೆ.

ಪುಡಿ ಅಂಟಿಕೊಳ್ಳಲು ಇನ್ನೊಂದು ಕಾರಣ ಸ್ಥಾಯಿ ವಿದ್ಯುತ್. ಬಾಚಣಿಗೆಗೆ ಕಾಗದದ ಚೂರು ಅಂಟುತ್ತದಲ್ಲ, ಅದೇ. ಬೀಜ ಒಡೆಯುವಾಗ ಮತ್ತು ಉಜ್ಜುವಾಗ ಕಣಗಳಲ್ಲಿ ಈ ವಿದ್ಯುತ್ ತುಂಬುತ್ತದೆ. ಅಮೆರಿಕದ ಆರೆಗಾನ್ ವಿಶ್ವವಿದ್ಯಾಲಯದ ತಂಡವೊಂದು 2023ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬೀಜದಲ್ಲಿ ತೇವ ಕಡಿಮೆಯಿದ್ದಷ್ಟೂ ಇದು ಹೆಚ್ಚು, ಪುಡಿ ಮಾಡುವ ಮುನ್ನ ಬೀಜಕ್ಕೆ ತುಸು ನೀರು ತಾಕಿಸಿದರೆ ಕಡಿಮೆಯಾಗುತ್ತದೆ ಎಂದು ಕಂಡುಬಂತು. ಕಪ್ಪಗೆ ಹುರಿದ ಬೀಜದಲ್ಲಿ ತೇವ ಕಡಿಮೆ. ಜೊತೆಗೆ ಅದರ ಮೈಮೇಲೆ ಎಣ್ಣೆ ಜಿನುಗುವುದರಿಂದ ಪುಡಿ ಇನ್ನಷ್ಟು ಮೆತ್ತುತ್ತದೆ.

ಇದರಿಂದ ಆಗುವ ನಷ್ಟ ಎಷ್ಟು? ಒಂದು ಲೆಕ್ಕ ಹಾಕೋಣ. ಸಂಖ್ಯೆಗಳು ಲೆಕ್ಕ ಅರ್ಥವಾಗಲೆಂದು ಇಟ್ಟುಕೊಂಡವು, ಯಂತ್ರದಿಂದ ಯಂತ್ರಕ್ಕೆ ಬದಲಾಗುತ್ತವೆ.

ಯಂತ್ರದೊಳಗೆ 20 ಗ್ರಾಂ ಪುಡಿ ನಿಲ್ಲುತ್ತದೆ ಎಂದುಕೊಳ್ಳಿ. ನಿಮಗಿಂತ ಮುಂಚೆ ಬಂದವರು 70 ಭಾಗ ಕಾಫಿಗೆ 30 ಭಾಗ ಚಿಕೋರಿ ಹಾಕಿಸಿ, ಎರಡನ್ನೂ ಒಟ್ಟಿಗೆ ಯಂತ್ರಕ್ಕೆ ಬಿಡಿಸಿದ್ದಾರೆ. ಈಗ ಯಂತ್ರದಲ್ಲಿರುವ 20 ಗ್ರಾಂನಲ್ಲಿ 6 ಗ್ರಾಂ ಚಿಕೋರಿ. ನೀವು ಚಿಕೋರಿ ಬೇಡವೆಂದು 100 ಗ್ರಾಂ ಬರೀ ಪೀಬೆರಿ ಪುಡಿ ಮಾಡಿಸುತ್ತೀರಿ. ಹಳೆಯದೆಲ್ಲ ನಿಮ್ಮ ಕವರಿಗೆ ಬಿದ್ದು, ನಿಮ್ಮ 20 ಗ್ರಾಂ ಒಳಗೆ ಉಳಿಯಿತು ಎಂದರೆ, ನಿಮ್ಮ 100 ಗ್ರಾಂನಲ್ಲಿ 6 ಗ್ರಾಂ ಚಿಕೋರಿ. ಅಂದರೆ ಶೇ 6. ಪೀಬೆರಿಯ ಹಣ ಕೊಟ್ಟಿದ್ದೀರಿ, ಆದರೆ ಐದನೇ ಒಂದು ಪಾಲು ಬೇರೆಯವರ ಪುಡಿ. ಅದೇ ಅರ್ಧ ಕೇಜಿ ಮಾಡಿಸಿದ್ದರೆ ಚಿಕೋರಿ ಶೇ 1.2 ಮಾತ್ರ. ಒಟ್ಟಿನಲ್ಲಿ, ಸಣ್ಣ ಪ್ರಮಾಣದಲ್ಲಿ ಮಾಡಿಸುವವರಿಗೆ ಬೆರಕೆಯ ಪಾಲು ಹೆಚ್ಚು.

ಗಮನಿಸಿ: ತೂಕದಲ್ಲಿ ಇದು ಗೊತ್ತಾಗುವುದಿಲ್ಲ. 100 ಗ್ರಾಂ ಹಾಕಿ 100 ಗ್ರಾಂ ಬಂತು, ಏನೂ ಉಳಿದಿಲ್ಲ ಎಂದು ಭಾವಿಸುತ್ತೇವೆ. ನಿಜದಲ್ಲಿ ಹಳೆಯದು ಬಂದಿದೆ, ಹೊಸದು ಒಳಗೆ ಕೂತಿದೆ. ಮನೆಯ ಗ್ರೈಂಡರ್‌ನಲ್ಲಿ ಇದನ್ನು ಅಳೆಯುವ ದಾರಿ ಇದೆ. ಬ್ರಷ್‌ನಿಂದ ಯಂತ್ರವನ್ನು ಪೂರ್ತಿ ಶುಚಿ ಮಾಡಿ, 20 ಗ್ರಾಂ ಬೀಜ ಹಾಕಿ, ಬಂದ ಪುಡಿ ತೂಗಿ. 18.5 ಗ್ರಾಂ ಬಂದರೆ ಸುಮಾರು ಒಂದೂವರೆ ಗ್ರಾಂ ಒಳಗಿದೆ. ಎರಡನೆಯ ಸಲ 20 ಹಾಕಿದಾಗ 20 ಬಂದರೆ ಯಂತ್ರ ಸರಿಹೋಯಿತು ಎಂದಲ್ಲ, ಒಳಗಿನ ಜಾಗ ತುಂಬಿದೆ ಎಂದರ್ಥ.

ಮನೆಯ ಗ್ರೈಂಡರ್‌ನಲ್ಲಿ ಉಳಿಯುವುದು ನಿಮ್ಮದೇ ಪುಡಿ. ದಿನವೂ ಬಳಸಿದರೆ ಅದು ನಿನ್ನೆಯದು, ಹೆಚ್ಚು ಹಾನಿಯಿಲ್ಲ. ವಾರಗಟ್ಟಲೆ ಮುಟ್ಟದಿದ್ದರೆ ಎಣ್ಣೆ ಕೆಟ್ಟು ಕಮಟು ವಾಸನೆ ಬರುತ್ತದೆ. ಆಗ ಬರ್ ಬಿಚ್ಚಿ ಒಣ ಬ್ರಷ್‌ನಿಂದ ಉಜ್ಜಿ. ಉಕ್ಕಿನ ಬರ್‌ಗೆ ನೀರು ತಾಗಿಸಿದರೆ ತುಕ್ಕು ಹಿಡಿಯಬಹುದು.

## ಚಿಕೋರಿ ಬೆರೆತಿದೆಯೇ ಎಂದು ಮನೆಯಲ್ಲೇ ನೋಡುವುದು ಹೇಗೆ?

ಒಂದು ಗಾಜಿನ ಲೋಟದಲ್ಲಿ ತಣ್ಣೀರು ತೆಗೆದುಕೊಂಡು, ಮೇಲೆ ಒಂದು ಚಮಚ ಪುಡಿಯನ್ನು ಮೆಲ್ಲಗೆ ಉದುರಿಸಿ. ಕಲಕಬೇಡಿ. ಕಾಫಿಪುಡಿ ಸ್ವಲ್ಪ ಹೊತ್ತು ತೇಲುತ್ತದೆ. ಚಿಕೋರಿ ಬೇಗನೆ ಮುಳುಗಲಾರಂಭಿಸಿ, ಇಳಿಯುವ ದಾರಿಯಲ್ಲಿ ಕಂದು ಗೆರೆ ಎಳೆಯುತ್ತದೆ. ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ಜನರಿಗೆ ಹೇಳಿಕೊಡುವ ಪರೀಕ್ಷೆಗಳಲ್ಲಿ ಇದೂ ಒಂದು.

ಇದಕ್ಕೆ ಮಿತಿಯಿದೆ. ತುಂಬಾ ನುಣ್ಣಗಿನ ಕಾಫಿಯೂ ಹೊತ್ತು ಕಳೆದಂತೆ ಮುಳುಗುತ್ತದೆ, ಆದ್ದರಿಂದ ಮೊದಲ ಅರ್ಧ ನಿಮಿಷವನ್ನಷ್ಟೇ ನೋಡಿ. ಒಂದೆರಡು ಗೆರೆ ಕಂಡರೆ ಅದು ಯಂತ್ರದಲ್ಲಿ ಉಳಿದ ಪುಡಿಯದ್ದಿರಬಹುದು, ಅಂಗಡಿಯವರು ಬೆರೆಸಿದ್ದಾರೆ ಎಂದು ಆ ಕೂಡಲೇ ಆರೋಪಿಸಬೇಡಿ. ಲೋಟದ ತುಂಬ ಕಂದು ಹೊಗೆಯಂತೆ ಹರಡಿದರೆ ಕೇಳಲೇಬೇಕು. ಚಿಕೋರಿ ಬೆರೆಸಿ ಮಾರುವುದು ಅಪರಾಧವಲ್ಲ. ಆದರೆ ಹಾಗೆ ಮಾರುವ ಮಿಶ್ರಣದಲ್ಲಿ ಕಾಫಿ ಶೇ 51ಕ್ಕಿಂತ ಕಡಿಮೆ ಇರಬಾರದು, ಮತ್ತು ಬೆರೆಸಿರುವುದನ್ನು ಗಿರಾಕಿಗೆ ತಿಳಿಸಬೇಕು.

## ಹಾಗಾದರೆ ಏನು ಮಾಡಬೇಕು?

ಅಂಗಡಿಯಲ್ಲಿ ಪುಡಿ ಮಾಡಿಸುವವರು: ಚಿಕೋರಿ ಬೇಡವೆಂದರೆ, ‘ಚಿಕೋರಿಯನ್ನು ಯಂತ್ರಕ್ಕೇ ಹಾಕುತ್ತೀರೋ, ಪುಡಿಗೆ ಆಮೇಲೆ ಬೆರೆಸುತ್ತೀರೋ’ ಎಂದು ಮೊದಲು ಕೇಳಿ. ಆಮೇಲೆ ಬೆರೆಸುವ ಅಂಗಡಿಯಲ್ಲಿ ಯಂತ್ರದೊಳಗೆ ಚಿಕೋರಿ ಉಳಿಯುವ ಪ್ರಶ್ನೆಯೇ ಇಲ್ಲ. ಒಟ್ಟಿಗೆ ಹಾಕುವ ಅಂಗಡಿಯಾದರೆ, ನಿಮ್ಮ ಬೀಜದಲ್ಲೇ ಒಂದು ಹಿಡಿ ಮೊದಲು ಓಡಿಸಿ ಆ ಪುಡಿಯನ್ನು ಬೇರೆ ಕವರಿಗೆ ಹಾಕಲು ಹೇಳಿ. ಕಾಫಿಗೆಂದೇ ಇಟ್ಟ ಯಂತ್ರವಿಲ್ಲದ ಹಿಟ್ಟಿನ ಗಿರಣಿಯಲ್ಲಿ ಮಾಡಿಸಬೇಡಿ, ಅಲ್ಲಿ ಉಳಿದದ್ದು ಖಾರದಪುಡಿಯೂ ಆಗಿರಬಹುದು.

ಹಾಲು ಹಾಕಿ ಫಿಲ್ಟರ್ ಕಾಫಿ ಕುಡಿಯುವವರು: ಬರ್‌ನ ಆಕಾರಕ್ಕೆಂದು ಹೆಚ್ಚು ಹಣ ಕೊಡಬೇಕಿಲ್ಲ. ಪುಡಿಯಾದ ಕಾಫಿ ಬೀಜಕ್ಕಿಂತ ಬಹಳ ಬೇಗ ಪರಿಮಳ ಕಳೆದುಕೊಳ್ಳುತ್ತದೆ. ಆದ್ದರಿಂದ ತಿಂಗಳಿಗೊಮ್ಮೆ ಒಂದು ಕೇಜಿ ತರುವ ಬದಲು ವಾರಕ್ಕೊಮ್ಮೆ ಕಾಲು ಕೇಜಿ ತಂದರೆ ಆಗುವ ವ್ಯತ್ಯಾಸ ಬರ್ ಬದಲಿಸಿದ್ದಕ್ಕಿಂತ ಹೆಚ್ಚು. ಆದರೆ ಸಣ್ಣ ಪ್ರಮಾಣದಲ್ಲಿ ಬೆರಕೆಯ ಪಾಲು ಹೆಚ್ಚೆಂದು ಮೇಲೆ ನೋಡಿದೆವು, ಹಾಗಾಗಿ ಮೊದಲ ಹಿಡಿಯನ್ನು ಬೇರೆ ತೆಗೆಸುವುದನ್ನು ಮರೆಯಬೇಡಿ.

ಮನೆಗೆ ಗ್ರೈಂಡರ್ ಕೊಳ್ಳುವವರು: ‘ಕೋನಿಕಲ್’ ಎಂಬ ಪದ ನೋಡಿ ಕೊಳ್ಳಬೇಡಿ. ಬರ್ ಓಲಾಡದೆ ಗಟ್ಟಿಯಾಗಿ ಕೂತಿದೆಯೇ, ಬಿಚ್ಚಿ ಶುಚಿ ಮಾಡಲು ಬರುತ್ತದೆಯೇ, ಪುಡಿ ನೇರವಾಗಿ ಬೀಳುತ್ತದೆಯೇ, ಸವೆದಾಗ ಹೊಸ ಬರ್ ಸಿಗುತ್ತದೆಯೇ ಎಂಬ ನಾಲ್ಕನ್ನು ನೋಡಿ. ಪುಡಿ ಗೋಡೆಗೆ ಅಂಟುತ್ತಿದ್ದರೆ, ಚಮಚದ ಹಿಡಿಯನ್ನು ನೀರಿಗೆ ಅದ್ದಿ, ಅದರಿಂದ 20 ಗ್ರಾಂ ಬೀಜವನ್ನು ಒಮ್ಮೆ ಕಲಕಿ ಕೂಡಲೇ ಪುಡಿ ಮಾಡಿ. ಅಷ್ಟು ತೇವ ಸಾಕು. ಆಗಲೇ ಬಳಸುವ ಪುಡಿಗೆ ಮಾತ್ರ ಹೀಗೆ ಮಾಡಿ, ಡಬ್ಬಿಯಲ್ಲಿ ತುಂಬಿಡುವ ಪುಡಿಗೆ ಬೇಡ.

## ಸಂದೇಶದ ಮೂರು ಮಾತು, ಮೂರು ತೀರ್ಪು

ಫ್ಲಾಟ್ ಬರ್ ಕಾಫಿ ಸುಡುತ್ತದೆ: ತಪ್ಪು. ಬಿಡುವಿಲ್ಲದೆ ಓಡಿದ, ಹಲ್ಲು ಸವೆದ, ಜೋರಾಗಿ ತಿರುಗುವ ಯಾವ ಯಂತ್ರದಲ್ಲೂ ಪುಡಿ ಬಿಸಿಯಾಗುತ್ತದೆ. ಆದರೆ ಸುಡುವುದಿಲ್ಲ.

ಕೋನಿಕಲ್‌ನಲ್ಲಿ ರುಚಿ ಹೆಚ್ಚು: ಅರ್ಧ ನಿಜ. ರುಚಿ ಬೇರೆಯಾಗಬಹುದು, ಹೆಚ್ಚು ಎಂದೇನಿಲ್ಲ. ಹಾಲು, ಚಿಕೋರಿ ಸೇರಿದ ಮೇಲೆ ಆ ವ್ಯತ್ಯಾಸ ಗುರುತಿಸುವುದು ಕಷ್ಟ.

ಮುಂಚಿನವರ ಪುಡಿ ಸೇರುತ್ತದೆ: ನಿಜ. ಮೊದಲ ಹಿಡಿಯನ್ನು ಬೇರೆ ತೆಗೆಸುವುದೇ ಇದಕ್ಕೆ ಸುಲಭದ ಪರಿಹಾರ.

ಮುಂದಿನ ಸಲ ಆ ಸಂದೇಶ ನಿಮ್ಮ ಗುಂಪಿಗೆ ಬಂದರೆ, ಮೂರನೆಯ ಮಾತನ್ನು ಉಳಿಸಿಕೊಂಡು ಮೊದಲ ಎರಡನ್ನು ಅಳಿಸಿ ಕಳಿಸಿ.